ಮಳೆಮಾಪಕದ ಕೆಲಸ: ಕಂಬ ನೆಡುವ ಮುಂಚೆ ಒಂದು ಪ್ರೀ-ಮಾರ್ಟಮ್

ಅಡಿಕೆ ತೋಟದಲ್ಲಿ ಮೂರು ಕಡೆ, ಆಲಿಕೆಗೆ ಬಿದ್ದ ಮಳೆ ಅಳೆದು ಫೋನಿಗೆ ಲೆಕ್ಕ ಕಳಿಸುವ ಮಳೆಮಾಪಕ ನಿಲ್ಲಿಸುವ ನಮ್ಮ ಕೆಲಸ ಕೊನೆಗೆ ಬಂದಿದೆ. ಪೆಟ್ಟಿಗೆ, ಬ್ಯಾಟರಿ, ಸೋಲಾರ್ ಪ್ಯಾನೆಲ್ ಎಲ್ಲಾ ತಯಾರು. ಕಂಬ ನೆಡುವ ಮುಂಚೆ ನಾವು ನಾಲ್ವರು ಜಗಲಿಯಲ್ಲಿ ಕೂತು ಪ್ರೀ-ಮಾರ್ಟಮ್ ಮಾಡಿದೆವು. ಕೆಲಸ ಕೆಟ್ಟೇಹೋಗಿದೆ ಅಂದುಕೊಂಡು ಅದಕ್ಕೆ ಕಾರಣವನ್ನು ಮೊದಲೇ ಹುಡುಕುವುದು; ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ವಿವರಿಸಿದ ಪದ್ಧತಿ ಇದು.

ಶುರುವಿಗೆ ನಾನು ಹೇಳಿದ್ದು ಇಷ್ಟೇ: "ಈಗ ದೀಪಾವಳಿ. ಮಳೆಗಾಲ ಮುಗಿದಿದೆ. ನಮ್ಮ ಲೆಕ್ಕ ಪೂರ್ತಿ ಹಾಳಾಗಿದೆ, ಒಂದು ಅಂಕಿಯನ್ನೂ ನಂಬುವ ಹಾಗಿಲ್ಲ. ಏನಾಯ್ತು?" "ಏನಾಗಬಹುದು" ಅಂತ ಕೇಳಿದರೆ ಜನ "ಏನೂ ಆಗಲ್ಲ ಬಿಡಿ" ಅಂತಾರೆ. ಆಗಿಹೋಗಿದೆ ಅಂದಾಗ ಕಾರಣ ಹುಡುಕುತ್ತಾರೆ. ಸ್ವಲ್ಪ ಹೊತ್ತು ಯಾರೂ ಮಾತಾಡದೆ ಚೀಟಿಯಲ್ಲಿ ಬರೆದೆವು. ಆಮೇಲೆ ಸರದಿಯಲ್ಲಿ ಒಬ್ಬೊಬ್ಬರು ಒಂದೊಂದೇ ಕಾರಣ ಓದಿದೆವು. ಮೊದಲೇ ಮಾತು ಶುರುವಾದರೆ ಜೋರಾಗಿ ಮಾತಾಡುವವರ ಹಿಂದೆ ಉಳಿದವರೂ ಹೋಗಿಬಿಡುತ್ತಾರೆ, ಅಲ್ವಾ?

ಮೊದಲ ಸುತ್ತಿನಲ್ಲಿ "ಬ್ಯಾಟರಿ ಸತ್ತಿತು", "ಸಿಗ್ನಲ್ ಸಿಗಲಿಲ್ಲ" ಅಂತ ಬಂತು. ಅಷ್ಟಕ್ಕೆ ಏನೂ ಮಾಡಲಾಗದು. ಯಾವಾಗ, ಹೇಗೆ, ಯಾರಿಗೆ ಗೊತ್ತಾಯ್ತು ಅಂತ ಕೇಳುತ್ತಾ ಹೋಗಬೇಕು.

ಎಲ್ಲಕ್ಕಿಂತ ಬೆಲೆಬಾಳುವ ಚೀಟಿ ತೋಟದ ಮನೆಯ ಅಕ್ಕನದು. "ಆಷಾಢದ ಗಾಳಿಗೆ ಆಲಿಕೆ ತುಂಬ ದರಕು ಬಿತ್ತು. ಮಳೆ ಹೊಯ್ಯುತ್ತಿತ್ತು, ನಿಮ್ಮ ಫೋನಿನಲ್ಲಿ ಸೊನ್ನೆ ಇತ್ತು. ನೀವು ಇಲ್ಲಿ ಮಳೆ ಇಲ್ಲ ಅಂದುಕೊಂಡಿರಿ." ಬ್ಯಾಟರಿ ಸತ್ತರೆ ಸಂದೇಶವೇ ನಿಲ್ಲುತ್ತದೆ, ಗೊತ್ತಾಗುತ್ತದೆ. ಆಲಿಕೆ ಕಟ್ಟಿದರೆ ಯಂತ್ರ ಚೆನ್ನಾಗಿಯೇ ಇದ್ದು ಸುಳ್ಳು ಸೊನ್ನೆ ಕಳಿಸುತ್ತದೆ. ಅರ್ಧ ಕಟ್ಟಿದರೆ ಇನ್ನೂ ಕಷ್ಟ: ಮಳೆ ನಿಂತ ಮೇಲೂ ನೀರು ನಿಧಾನ ಇಳಿದು, ಗಂಟೆಗಟ್ಟಲೆ ಜಿನುಗು ಮಳೆ ಬಂದ ಹಾಗೆ ದಾಖಲಾಗುತ್ತದೆ.

ಇದಕ್ಕೆ ಮೂರು ಕೆಲಸ ಗೊತ್ತು ಮಾಡಿದೆವು. ಆಲಿಕೆಯ ಮೇಲೆ ತಂತಿ ಜಾಲರಿ ಹಾಕುವುದು. ಪಕ್ಕದಲ್ಲೇ ಒಂದು ಸಾದಾ ಅಳತೆ ಪಾತ್ರೆ ಇಟ್ಟು, ಅಕ್ಕ ದಿನಾ ಬೆಳಿಗ್ಗೆ ನೋಡಿ ಬರೆದಿಡುವುದು. ಮೂರರಲ್ಲಿ ಎರಡು ಮಾಪಕ ಮಳೆ ತೋರಿಸಿ ಒಂದು ಸೊನ್ನೆ ತೋರಿಸಿದರೆ, ಅವತ್ತೇ ಹೋಗಿ ನೋಡುವುದು.

ನೀರು ಸುರಿದು ಪರೀಕ್ಷಿಸುವ ಯೋಚನೆಯೂ ಅಲ್ಲೇ ಬಂತು. ನಮ್ಮ ಆಲಿಕೆಯ ಬಾಯಿ 20 ಸೆಂ.ಮೀ. ಅಗಲ. ಒಳಗಿನ ತೊಟ್ಟಿಲು ಬಟ್ಟಲು 0.2 ಮಿ.ಮೀ. ಮಳೆಗೊಮ್ಮೆ ಮಗುಚುತ್ತದೆ, ಅಂದರೆ ಸುಮಾರು 6.28 ಮಿ.ಲೀ. ನೀರಿಗೆ. 628 ಮಿ.ಲೀ. ನೀರನ್ನು ಸಣ್ಣ ಧಾರೆಯಲ್ಲಿ ಬಿಟ್ಟರೆ 100ರ ಆಸುಪಾಸು ಎಣಿಕೆ ಬರಬೇಕು. ಬೇಗ ಸುರಿದರೆ ಬಟ್ಟಲು ಮಗುಚುವಾಗ ನೀರು ಲೆಕ್ಕ ತಪ್ಪಿ ಹೋಗಿ, ಎಣಿಕೆ ಕಡಿಮೆ ಬರುತ್ತದೆ. ಜೋರು ಮಳೆಯಲ್ಲೂ ಹಾಗೇ.

ನಮ್ಮಲ್ಲಿ ಯಾರಿಗೂ ಗೊತ್ತಿಲ್ಲದ ಅಪಾಯ ಚೀಟಿಯಲ್ಲಿ ಬರುವುದಿಲ್ಲ. ಸಿಡಿಲಿನ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ. ಅದಕ್ಕೇ ಕಂಬದ ಜಾಗ ನೋಡಲು ಊರಿನ ಲೈನ್‌ಮನ್ ಅವರನ್ನು ಭಾನುವಾರ ಕರೆದಿದ್ದೇವೆ. ಅವರಿಗೂ ಅದೇ ದೀಪಾವಳಿಯ ಪ್ರಶ್ನೆ ಕೇಳುತ್ತೇವೆ.