ಎರಡು ಲಕ್ಷ ಇದೆ, ಹತ್ತು ಲಕ್ಷ ಯಾವಾಗ?

"ಅಣ್ಣಾ, ಕೈಯಲ್ಲಿ ಎರಡು ಲಕ್ಷ ಇದೆ. ತಿಂಗಳಿಗೆ ಹತ್ತು ಸಾವಿರ ಹಾಕ್ತೀನಿ. ಬಡ್ಡಿ ಏಳು ಪರ್ಸೆಂಟ್ ಅಂತಿಟ್ಕೋ. ಹತ್ತು ಲಕ್ಷ ಆಗೋಕೆ ಎಷ್ಟು ತಿಂಗಳು ಬೇಕು?"

ಅರವತ್ತು ತಿಂಗಳು, ಹೆಚ್ಚೆಂದರೆ ಅರವತ್ತೊಂದು. ಆದರೆ ಕೇಳಿದವನು ನನ್ನ ಚಿಕ್ಕಪ್ಪನ ಮಗ. ಅವನಿಗೆ ಹತ್ತು ಲಕ್ಷ ಯಾಕೆ ಬೇಕು ಅಂತ ಗೊತ್ತಿದ್ದರಿಂದ ಈ ಉತ್ತರ ಕೊಟ್ಟು ಸುಮ್ಮನಾಗಲು ಮನಸ್ಸಾಗಲಿಲ್ಲ. ಆ ಕತೆ ಆಮೇಲೆ. ಮೊದಲು ಅರವತ್ತು ಹೇಗೆ ಬಂತು ಅಂತ ನೋಡೋಣ.

ಬಡ್ಡಿಯೇ ಇಲ್ಲ ಅಂದುಕೊಂಡರೆ ಲೆಕ್ಕ ಬಾಯಲ್ಲೇ ಆಗುತ್ತದೆ. ಇನ್ನೂ ಎಂಟು ಲಕ್ಷ ಬೇಕು, ತಿಂಗಳಿಗೆ ಹತ್ತು ಸಾವಿರ, ಅಂದರೆ 80 ತಿಂಗಳು. ಬಡ್ಡಿ ಸೇರಿದರೆ ಇದಕ್ಕಿಂತ ಕಡಿಮೆಯೇ ಆಗಬೇಕು. ಎಷ್ಟು ಕಡಿಮೆ ಅನ್ನುವುದರಲ್ಲೇ ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು. ಎರಡು ಲಕ್ಷದ ಎಫ್‌ಡಿ ಎಷ್ಟಾಗುತ್ತದೆ, ಹತ್ತು ಸಾವಿರದ ಆರ್‌ಡಿ ಎಷ್ಟಾಗುತ್ತದೆ ಅಂತ ಬೇರೆ ಬೇರೆ ನೋಡಲು ಹೋಗುತ್ತಾರೆ. ಎರಡಕ್ಕೂ ಅವಧಿ ಗೊತ್ತಿರಬೇಕು. ನಮಗೆ ಗೊತ್ತಿಲ್ಲದ್ದೇ ಅದು!

ನಾನು ಬಳಸುವ ಉಪಾಯ ಹೀಗಿದೆ. ವರ್ಷಕ್ಕೆ 7 ಪರ್ಸೆಂಟ್‌ನಲ್ಲಿ ತಿಂಗಳಿಗೆ ಹತ್ತು ಸಾವಿರ ಬಡ್ಡಿ ಬರಬೇಕಾದರೆ ಎಷ್ಟು ಅಸಲು ಇರಬೇಕು? ವರ್ಷದ 1,20,000 ಅನ್ನು 0.07ರಿಂದ ಭಾಗಿಸಿ. ಸುಮಾರು 17.14 ಲಕ್ಷ. ಈಗ ಇಷ್ಟು ದುಡ್ಡು ಎಲ್ಲೋ ಕಣ್ಣಿಗೆ ಕಾಣದ ಹಾಗೆ ಇದೆ, ನಿಮ್ಮ ಕಂತು ಅದರ ಬಡ್ಡಿ ಅಂದುಕೊಳ್ಳಿ. ಆಗ ನಿಮ್ಮ ಹತ್ತಿರ ಎರಡು ಲಕ್ಷ ಇಲ್ಲ, 2 + 17.14, ಅಂದರೆ 19.14 ಲಕ್ಷ ಇದೆ. ಮುಟ್ಟಬೇಕಾದ್ದು 10 + 17.14, ಅಂದರೆ 27.14 ಲಕ್ಷ. ಕಂತಿನ ಗೊಡವೆಯೇ ಹೋಯಿತು. ಉಳಿದದ್ದು ಒಂದೇ: 19.14 ಲಕ್ಷ ಬರೀ ಚಕ್ರಬಡ್ಡಿಯಲ್ಲಿ ಬೆಳೆದು 27.14 ಲಕ್ಷ ಆಗಲು ಎಷ್ಟು ಕಾಲ?

ಭಾಗಿಸಿದರೆ 1.418 ಪಟ್ಟು ಬರುತ್ತದೆ. ಇದು ಎರಡರ ವರ್ಗಮೂಲಕ್ಕೆ (1.414) ತೀರಾ ಹತ್ತಿರ. ಹಾಗಾಗಿ ದುಡ್ಡು ಇಮ್ಮಡಿ ಆಗುವ ಕಾಲದಲ್ಲಿ ಅರ್ಧ ಸಾಕು. 72ನ್ನು ಬಡ್ಡಿದರದಿಂದ ಭಾಗಿಸಿದರೆ ಇಮ್ಮಡಿಯಾಗುವ ವರ್ಷ ಸಿಗುತ್ತದೆ ಅನ್ನುವುದು ಹಳೆಯ ಲೆಕ್ಕ. 72/7 ಅಂದರೆ ಸುಮಾರು 10.3 ವರ್ಷ, ಅದರ ಅರ್ಧ 5.15 ವರ್ಷ, ಸುಮಾರು 62 ತಿಂಗಳು. ಕಂಪ್ಯೂಟರ್ ಇಲ್ಲದೆ ಇಷ್ಟು ಹತ್ತಿರ ಬರಬಹುದು. ಪಟ್ಟು ಯಾವಾಗಲೂ ಇಷ್ಟು ಅನುಕೂಲವಾಗಿ ಬೀಳುವುದಿಲ್ಲ ಬಿಡಿ, ಆಗ ಲಾಗರಿದಮ್ ಬೇಕು. ಅದನ್ನು ಎಕ್ಸೆಲ್ ಅಥವಾ ಗೂಗಲ್ ಶೀಟ್ ತಾನೇ ಮಾಡುತ್ತದೆ, ಎಷ್ಟು ಕಂತು ಬೇಕು ಅಂತ ಹೇಳುವ NPER ಸೂತ್ರದಿಂದ:

```
=NPER(7%/12, -10000, -200000, 1000000)
```

ಉತ್ತರ 60.03. ಇದರಲ್ಲಿ ಎರಡು ತಪ್ಪು ಪದೇ ಪದೇ ಕಾಣುತ್ತೇನೆ. ಒಂದು, ಮೈನಸ್ ಗುರುತು ಬಿಡುವುದು. ನಿಮ್ಮ ಕೈಯಿಂದ ಹೋಗುವ ದುಡ್ಡಿಗೆ ಮೈನಸ್, ಕೊನೆಗೆ ಕೈಗೆ ಬರುವುದಕ್ಕೆ ಪ್ಲಸ್. ಗುರುತು ಬಿಟ್ಟರೆ -169.49 ಅಂತ ಬರುತ್ತದೆ. ಮೈನಸ್ ತಿಂಗಳು ನೋಡಿದ ತಕ್ಷಣ ತಪ್ಪು ಗೊತ್ತಾಗುತ್ತದೆ, ಹಾಗಾಗಿ ಇದು ಅಪಾಯದ್ದಲ್ಲ. ಇನ್ನೊಂದು, 12ರಿಂದ ಭಾಗಿಸಲು ಮರೆಯುವುದು. ಆಗ 17.79 ಬರುತ್ತದೆ. ಹದಿನೆಂಟು ತಿಂಗಳು ಅಂತ ಖುಷಿಪಟ್ಟವರಿದ್ದಾರೆ! ಹದಿನೆಂಟು ಕಂತು ಅಂದರೆ 1.8 ಲಕ್ಷ, ಮೊದಲಿನ ಎರಡು ಸೇರಿ 3.8 ಲಕ್ಷ. ಒಂದೂವರೆ ವರ್ಷದಲ್ಲಿ ಅದು ಹತ್ತು ಲಕ್ಷ ಆಗುತ್ತದಾ? ಬರೀ ಕೂಡಿಸಿ ನೋಡಿದ್ದರೂ ಸಾಕಿತ್ತು.

ಆ 60.03 ಕೂಡ ಸ್ವಲ್ಪ ತಮಾಷೆ. ಅರವತ್ತನೇ ತಿಂಗಳ ಕೊನೆಗೆ ಖಾತೆಯಲ್ಲಿ ಸುಮಾರು 9,99,454 ರೂಪಾಯಿ ಇರುತ್ತದೆ. ಕೊರತೆ 546 ರೂಪಾಯಿ. ಅದಕ್ಕಾಗಿ ಇನ್ನೊಂದು ತಿಂಗಳು ಕಾಯುವ ಬದಲು ಜೇಬಿನಿಂದ ಹಾಕಿದರಾಯಿತು, ಅಲ್ವಾ? ಈ ಸೂತ್ರ ಕಂತನ್ನು ತಿಂಗಳ ಕೊನೆಗೆ ಕಟ್ಟುತ್ತೀರಿ ಅಂದುಕೊಳ್ಳುತ್ತದೆ. ಮೊದಲ ಕಂತನ್ನು ಇವತ್ತೇ ಕಟ್ಟಿದರೆ ಸೂತ್ರದಲ್ಲಿ 1000000 ಆದ ತಕ್ಷಣ, ಆವರಣದ ಒಳಗೇ `,1` ಸೇರಿಸಿ, 59.77 ಆಗುತ್ತದೆ. ಬ್ಯಾಂಕುಗಳು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುವುದರಿಂದ ಕೊಂಚ ಆಚೆಗೂ ಹೋಗಬಹುದು. ಈ ವ್ಯತ್ಯಾಸಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ತೆರಿಗೆ ಬೇರೆ ವಿಷಯ. ಬಡ್ಡಿಗೆ ತೆರಿಗೆ ಕಟ್ಟಿ ಕೈಯಲ್ಲಿ ಐದೂವರೆ ಪರ್ಸೆಂಟ್ ಉಳಿಯುವವರಿಗೆ 64 ತಿಂಗಳು ಬೇಕು. ಶೀಟ್‌ನಲ್ಲಿ ಆ ದರವನ್ನೇ ಹಾಕಿ.

ತಮ್ಮ ತಕ್ಷಣ ಕೇಳಿದ್ದು, "ಎಂಟು ಪರ್ಸೆಂಟ್ ಕೊಡೋ ಕಡೆ ಇಟ್ಟರೆ?" ಎರಡು ತಿಂಗಳು ಉಳಿಯುತ್ತದೆ, ಅಷ್ಟೇ. 58. ಅದೇ ಕಂತನ್ನು ಹನ್ನೆರಡು ಸಾವಿರ ಮಾಡಿದರೆ 53ಕ್ಕೆ ಇಳಿಯುತ್ತದೆ. ಐದು ವರ್ಷದಷ್ಟು ಸಣ್ಣ ಅವಧಿಯಲ್ಲಿ ಬಡ್ಡಿಗೆ ಬೆಳೆಯಲು ಹೊತ್ತೇ ಸಿಗುವುದಿಲ್ಲ. ಆ ಹತ್ತು ಲಕ್ಷದಲ್ಲಿ ಎಂಟು ಲಕ್ಷ ಅವನದೇ ದುಡ್ಡು. ಜಾಸ್ತಿ ಬಡ್ಡಿ ಅಂತ ಗುರುತಿಲ್ಲದ ಸೊಸೈಟಿಗೆ ಹೋಗುವ ಯೋಚನೆಗೆ ಎರಡು ತಿಂಗಳ ಆಸೆ ಸಾಲದು.

ಈಗ ಬಿಟ್ಟಿದ್ದ ಕತೆ. ಅವನಿಗೆ ಐವತ್ತು ಲಕ್ಷದ ಫ್ಲ್ಯಾಟ್ ತೆಗೆದುಕೊಳ್ಳಬೇಕು. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ಮನೆ ಬೆಲೆಯ 80 ಪರ್ಸೆಂಟ್ ಮಿತಿ ಅಂತ ರಿಸರ್ವ್ ಬ್ಯಾಂಕ್ ನಿಯಮ. ಉಳಿದ 20 ಪರ್ಸೆಂಟೇ ಈ ಹತ್ತು ಲಕ್ಷ. ಸ್ಟಾಂಪ್, ನೋಂದಣಿ ಖರ್ಚು ಬೇರೆ. ಆದರೆ ಐದು ವರ್ಷ ಆದ ಮೇಲೆ ಆ ಫ್ಲ್ಯಾಟ್ ಐವತ್ತಕ್ಕೇ ಸಿಗುತ್ತದಾ? ವರ್ಷಕ್ಕೆ 5 ಪರ್ಸೆಂಟ್ ಏರಿದರೂ ಆಗ ಅವನ ಪಾಲು 12.76 ಲಕ್ಷ.

ಓಡುವ ಗುರಿಯನ್ನು NPER ಹಿಡಿಯುವುದಿಲ್ಲ. ಎರಡು ಕಾಲಂ ಹಾಕಿ. ಮೊದಲ ಸಾಲಿನಲ್ಲಿ ಇವತ್ತಿನ ಲೆಕ್ಕ, B1ರಲ್ಲಿ 200000, C1ರಲ್ಲಿ 1000000. ಎರಡನೇ ಸಾಲಿನಲ್ಲಿ ಇವನ್ನು ಬರೆದು ಕೆಳಗೆ ಎಳೆಯಿರಿ:

```
B2: =B1*(1+7%/12)+10000
C2: =C1*1.05^(1/12)
```

B ಕಾಲಂ C ಅನ್ನು ದಾಟುವ ಮೊದಲ ಸಾಲು ಹುಡುಕಿ. ಅದು 86ನೇ ಸಾಲು. ಮೊದಲ ಸಾಲು ಸೊನ್ನೆ ತಿಂಗಳು, ಹಾಗಾಗಿ ಉತ್ತರ 85. ಐದು ವರ್ಷ ಅಂದದ್ದು ಏಳು ವರ್ಷ ಒಂದು ತಿಂಗಳಾಯಿತು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಅವನೇ ಹೇಳಿದ, ಸಂಬಳ ಪ್ರತಿ ವರ್ಷ ಏರುತ್ತಲ್ಲ, ಕಂತೂ ಏರಲಿ ಅಂತ. ಹನ್ನೆರಡು ತಿಂಗಳಿಗೊಮ್ಮೆ ಕಂತನ್ನು 10 ಪರ್ಸೆಂಟ್ ಏರಿಸಿ ನೋಡಿದೆವು: ಎರಡನೇ ವರ್ಷ 11,000, ಮೂರನೇ ವರ್ಷ 12,100, ಹೀಗೆ. 67ನೇ ತಿಂಗಳಿಗೆ ನಾಲ್ಕೂವರೆ ಸಾವಿರದಷ್ಟು ಕೊರತೆ, 68ಕ್ಕೆ ದಾಟಿತು. ಮೊದಲು ಹೇಳಿದ್ದಕ್ಕಿಂತ ಎಂಟು ತಿಂಗಳು ಜಾಸ್ತಿ. ಶೀಟನ್ನು ಅವನ ಫೋನಿಗೆ ಕಳಿಸಿದೆ, ಮಾರನೇ ದಿನ ಸ್ಟಾಂಪ್ ಖರ್ಚನ್ನೂ C1ರಲ್ಲಿ ಸೇರಿಸಿ ವಾಪಸ್ ಕಳಿಸಿದ.