ಒಂದೇ ಗಂಟೆಯಲ್ಲಿ ಕಪ್ಪಾಗುವ ಮದರಂಗಿ

ಕುಂಬಳೆಯಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ಮದುವೆ ಸೀಸನ್ ಬಂದರೆ ಮದುಮಗಳಿಗೆ ಮದರಂಗಿ ಹಾಕುವ ಕೆಲಸವೇ ಜಾಸ್ತಿ. "ಅಕ್ಕಾ, ಕಪ್ಪು ಬರುವ ಕೋನ್ ಹಾಕಿ, ಫೋಟೋದಲ್ಲಿ ಚಂದ ಕಾಣ್ತದೆ" ಎಂದು ಕೇಳುವವರು ಈಗೀಗ ತುಂಬಾ. ಹಾಕುವುದಿಲ್ಲ ಅಂದರೆ ಕೆಲವರು ಬೇಜಾರು ಮಾಡಿಕೊಂಡು ಹೋಗುತ್ತಾರೆ. ಹೋದರೂ ಪರವಾಗಿಲ್ಲ, ನಾನು ಹಾಕುವುದಿಲ್ಲ.

ಮದರಂಗಿ ಎಲೆಯಲ್ಲಿರುವ ಬಣ್ಣದ ಅಂಶಕ್ಕೆ ಲಾಸೋನ್ ಎನ್ನುತ್ತಾರೆ. ಅದು ಕಪ್ಪಲ್ಲ, ಕಿತ್ತಳೆ. ಒಣಗಿದ ಪೇಸ್ಟ್ ಉದುರಿಸಿದ ಕೂಡಲೇ ಕೈ ಕಿತ್ತಳೆ ಬಣ್ಣದಲ್ಲಿರುತ್ತದೆ. ಒಂದೆರಡು ದಿನಗಳಲ್ಲಿ ಅದೇ ಗಾಢ ಕಂದಾಗುತ್ತದೆ. ಅಂಗೈಯಲ್ಲಿ ಚರ್ಮ ದಪ್ಪ, ಅಲ್ಲಿ ಚೆನ್ನಾಗಿ ಹಿಡಿಯುತ್ತದೆ. ಮೊಣಕೈಯತ್ತ ಹೋದ ಹಾಗೆ ಬಣ್ಣ ತಿಳಿಯಾಗುತ್ತದೆ. ಅಂಗೈಯಿಂದ ತೋಳಿನವರೆಗೆ ಒಂದೇ ಸಮನೆ ಕಡುಕಪ್ಪು, ಅದೂ ಒಂದು ಗಂಟೆಯೊಳಗೆ ಬಂತು ಅಂದರೆ ಅದು ಬರೀ ಎಲೆಯ ಬಣ್ಣ ಆಗಿರಲು ಸಾಧ್ಯವೇ ಇಲ್ಲ.

ಆ ಕಪ್ಪು ಹೆಚ್ಚಾಗಿ ಬರುವುದು ಪಿಪಿಡಿ ಎಂಬ ರಾಸಾಯನಿಕದಿಂದ. ಪೂರ್ತಿ ಹೆಸರು ಪ್ಯಾರಾ ಫಿನಿಲೀನ್ ಡಯಮೀನ್. ಇದು ಹೇರ್ ಡೈಗೆ ಹಾಕುವ ವಸ್ತು. ಯುರೋಪಿನಲ್ಲಿ ತಲೆಗೆ ಹಚ್ಚುವ ಡೈಯಲ್ಲಿ ಇದು ಶೇಕಡಾ 2ಕ್ಕಿಂತ ಜಾಸ್ತಿ ಇರುವ ಹಾಗಿಲ್ಲ, ಚರ್ಮಕ್ಕೆ ಬಣ್ಣ ಹಾಕಲು ಬಳಸುವಂತೆಯೇ ಇಲ್ಲ. ಕಪ್ಪು ಮದರಂಗಿಯನ್ನು ಪರೀಕ್ಷೆ ಮಾಡಿದಾಗ ಅದಕ್ಕಿಂತ ಹಲವು ಪಟ್ಟು ಸಿಕ್ಕಿದ್ದುಂಟು. ಡೈಯನ್ನು ಅರ್ಧ ಗಂಟೆಯಲ್ಲಿ ತೊಳೆದುಬಿಡುತ್ತೇವೆ. ಕೋನಿನದ್ದು ಗಂಟೆಗಟ್ಟಲೆ ಚರ್ಮದ ಮೇಲೆಯೇ ಕೂತಿರುತ್ತದೆ.

ಕಳೆದ ವರ್ಷ ಒಬ್ಬ ಮದುಮಗಳ ತಂಗಿ ಫ್ಯಾನ್ಸಿ ಅಂಗಡಿಯಿಂದ ತಂದ ಕಪ್ಪು ಕೋನನ್ನು ಮುಂಗೈಗೆ ಹಾಕಿಕೊಂಡಿದ್ದಳು. ಅದಕ್ಕೂ ಮೊದಲು ಒಂದು ಹಬ್ಬಕ್ಕೆ ಅದನ್ನೇ ಹಾಕಿದ್ದಳಂತೆ, ಆಗ ಏನೂ ಆಗಿರಲಿಲ್ಲ. ಈ ಸಲ ಮಾರನೇ ದಿನ ತುರಿಕೆ ಶುರುವಾಯಿತು. ಮದುವೆ ದಿನ ನಾನು ನೋಡುವಾಗ ಬಳ್ಳಿ, ಎಲೆ, ಚುಕ್ಕಿ ಎಲ್ಲ ಬಿಡಿಸಿದ ಹಾಗೆಯೇ ಕೆಂಪಾಗಿ ಉಬ್ಬಿ ನಿಂತಿತ್ತು, ಗೆರೆಯುದ್ದಕ್ಕೂ ನೀರುಗುಳ್ಳೆ. ಗೆರೆ ಇಲ್ಲದ ಜಾಗದಲ್ಲಿ ಚರ್ಮ ಸರಿಯಾಗಿಯೇ ಇತ್ತು. ಕೈ ಸೋಪು ಹಾಕಿ ತೊಳೆಸಿ, ಏನೂ ಹಚ್ಚಬೇಡಿ, ಗುಳ್ಳೆ ಒಡೆಯಬೇಡಿ ಎಂದು ಹೇಳಿ ಚರ್ಮದ ಡಾಕ್ಟರ ಹತ್ತಿರ ಕಳಿಸಿದೆ. ಗುಳ್ಳೆ ಒಣಗಿತು. ಆದರೆ ಡಿಸೈನಿನ ಗುರುತು ಬಿಳಿಚಿಕೊಂಡು ಎಷ್ಟೋ ತಿಂಗಳು ಉಳಿಯಿತು.

ಮೊದಲ ಸಲ ಏನೂ ಆಗದೆ ಇದ್ದದ್ದೇ ಇಲ್ಲಿ ಮೋಸ ಮಾಡುವ ವಿಷಯ. ಆ ಮೊದಲ ಸಲವೇ ಮೈ ಪಿಪಿಡಿಯನ್ನು ಗುರುತು ಹಿಡಿದಿಟ್ಟುಕೊಳ್ಳಬಹುದು. ಮುಂದಿನ ಸಲ ತಾಗಿದಾಗ ತಿರುಗಿಬೀಳುತ್ತದೆ. ಹಾಗಾಗಿ "ನಾನು ಹಾಕಿದ್ದೇನೆ, ಏನೂ ಆಗಿಲ್ಲ" ಎಂಬ ಮಾತನ್ನು ನಂಬಿ ಕೂರುವ ಹಾಗಿಲ್ಲ. ಸ್ವಲ್ಪ ಹಚ್ಚಿ ಟೆಸ್ಟ್ ಮಾಡೋಣ ಅನ್ನುವವರಿದ್ದಾರೆ. ಕಪ್ಪು ಕೋನಿನ ವಿಷಯದಲ್ಲಿ ಅದೂ ಬೇಡ, ಆ ಟೆಸ್ಟಿನಿಂದಲೇ ಅಲರ್ಜಿ ಶುರುವಾಗಬಹುದು.

ಕೋನ್ ಕೈಗೆ ಬಂದಾಗ ನಾನು ಮೊದಲು ನೋಡುವುದು ಅದು ಎಲ್ಲಿತ್ತು ಎಂದು. ನಾವು 100 ಗ್ರಾಂ ಪುಡಿಗೆ ಲಿಂಬೆರಸ, ನೀರು, ಸ್ವಲ್ಪ ಸಕ್ಕರೆ, ನೀಲಗಿರಿ ಎಣ್ಣೆ ಹಾಕಿ ಕಲಸಿ, ಒಂದು ರಾತ್ರಿ ಮುಚ್ಚಿಟ್ಟು ಕೋನ್ ತುಂಬುತ್ತೇವೆ. ನಮ್ಮೂರಿನ ಸೆಕೆಗೆ ಹೊರಗಿಟ್ಟರೆ ಎರಡು ಮೂರು ದಿನದಲ್ಲಿ ಅದರ ಬಣ್ಣ ಕೊಡುವ ಶಕ್ತಿ ಹೋಗುತ್ತದೆ. ಫ್ರೀಜರಿನಲ್ಲಿಟ್ಟರೆ ಮಾತ್ರ ಉಳಿಯುತ್ತದೆ. ಅಂಗಡಿಯ ಬಿಸಿಲಲ್ಲಿ ತಿಂಗಳುಗಟ್ಟಲೆ ತೂಗಾಡಿದ ಕೋನ್ ಆಮೇಲೂ ಗಾಢ ಬಣ್ಣ ಕೊಟ್ಟರೆ ಒಳಗೆ ಬೇರೇನೋ ಇದೆ ಅಂತಲೇ ಅರ್ಥ. ಎಷ್ಟೋ ಕೋನ್‌ಗಳ ಮೇಲೆ ಏನೇನು ಹಾಕಿದ್ದಾರೆ ಎಂದು ಬರೆದಿರುವುದೂ ಇಲ್ಲ.

ತಲೆಗೆ ಹಚ್ಚುವ "ಬ್ಲ್ಯಾಕ್ ಹೆನ್ನಾ" ಪುಡಿಯ ಪ್ಯಾಕೆಟ್ಟೂ ಹೀಗೆಯೇ. ಎದುರು ಹಸಿರು ಎಲೆಯ ಚಿತ್ರ, ಹಿಂದೆ ಸಣ್ಣ ಅಕ್ಷರದಲ್ಲಿ ಪಿಪಿಡಿ, ಬೇರಿಯಂ ಪರಾಕ್ಸೈಡ್. ಹುಬ್ಬಿಗೆ, ರೆಪ್ಪೆಗೆ ಹಚ್ಚಬೇಡಿ ಎಂಬ ಎಚ್ಚರಿಕೆ ಕಂಡರೆ ಅದು ಡೈ ಎಂದೇ ತಿಳಿಯಿರಿ. ಬರೀ ಮದರಂಗಿ ಪುಡಿ ಬಿಳಿ ಕೂದಲನ್ನು ಕೆಂಪು ಮಾಡುತ್ತದೆ, ಕಪ್ಪು ಮಾಡುವುದಿಲ್ಲ. ರಾಸಾಯನಿಕ ಇಲ್ಲದೆ ಕಪ್ಪು ಬೇಕಾದವರಿಗೆ ಮೊದಲು ಮದರಂಗಿ ಹಚ್ಚಿ ತೊಳೆದು, ಆಮೇಲೆ ನೀಲಿ ಗಿಡದ ಎಲೆಯ ಪುಡಿ ಹಚ್ಚುತ್ತೇನೆ. ಅರ್ಧ ದಿನ ಬೇಕು.

ಕೈಗೆ ಗಾಢ ಬಣ್ಣ ಬೇಕೆನ್ನುವ ಮದುಮಗಳಿಗೆ ಮದುವೆಗೆ ಎರಡು ದಿನ ಮೊದಲೇ ಬನ್ನಿ ಅನ್ನುತ್ತೇನೆ. ಪೇಸ್ಟ್ ಆರೆಂಟು ಗಂಟೆ ಇರಲಿ, ಆ ದಿನ ನೀರು ತಾಗಿಸಬೇಡಿ ಎಂದು ಹೇಳಿ ಕಳಿಸುತ್ತೇನೆ. ಹಾಗಂತ ಶುದ್ಧ ಪುಡಿಯನ್ನೂ ಹಸುಗೂಸುಗಳಿಗೆ ಹಚ್ಚುವುದಿಲ್ಲ. ರಕ್ತಕಣವನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಿಗೆ ಲಾಸೋನಿನಿಂದಲೇ ರಕ್ತಕಣ ಒಡೆಯಬಹುದು.

ಕೈಯಲ್ಲಿ ಗುಳ್ಳೆ ಎದ್ದಿದ್ದ ಆ ಹುಡುಗಿಗೆ ಡಾಕ್ಟರು ಇನ್ನು ಜನ್ಮದಲ್ಲಿ ಪಿಪಿಡಿ ಇರುವ ಹೇರ್ ಡೈ ಮುಟ್ಟಬಾರದು ಎಂದಿದ್ದಾರೆ. ಈ ಅಲರ್ಜಿ ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ. ತಲೆಗೆ ಡೈ ಹಾಕಿದರೆ ಮುಖ, ಕಣ್ಣು ಬಾತುಕೊಳ್ಳುವಷ್ಟು ಜೋರಾಗಬಹುದು. ಅಂದಿನಿಂದ ನಮ್ಮಲ್ಲಿ ಯಾರೇ ಡೈ ಹಾಕಿಸಲು ಬರಲಿ, ಕುರ್ಚಿಯಲ್ಲಿ ಕೂರಿಸುವ ಮೊದಲೇ ಕೇಳುತ್ತೇವೆ: ಯಾವಾಗಲಾದರೂ ಕಪ್ಪು ಮದರಂಗಿ ಹಾಕಿದ್ದೀರಾ, ಆಗ ತುರಿಕೆ ಬಂದಿತ್ತಾ? ಹೌದು ಅಂದವರಿಗೆ ಡಾಕ್ಟರನ್ನು ಕೇಳದೆ ಡೈ ಹಾಕುವುದಿಲ್ಲ.