ದೆದಾ, ದೆದಾಮ್, ದೆದಾಸ್

ತ್ಬಿಲಿಸಿಯಲ್ಲಿ ನನ್ನೊಡನೆ ಜಾರ್ಜಿಯನ್ ಕಲಿಯುತ್ತಿರುವ ಗೆಳತಿ ಇಂದು ತನ್ನ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟಳು.

ತನ್ನ ಬಗ್ಗೆ ಬರೆದ ಒಂದಿಡೀ ಪುಟದಲ್ಲಿ ಕರ್ತೃವಿನ ವಿಭಕ್ತಿ ಎಲ್ಲಿಯೂ ತಪ್ಪಿರಲಿಲ್ಲ. ಅಮ್ಮನ ಬಗ್ಗೆ ಬರೆದ ಮೊದಲ ವಾಕ್ಯದಲ್ಲೇ ತಪ್ಪಿತ್ತು.

'ನಾನು' ಎಂಬರ್ಥದ 'ಮೆ' ಪ್ರಥಮೆಯಲ್ಲಿಯೂ, 'ಬರೆದಳು' ಎನ್ನುವಂಥ ಕಡೆ ಕರ್ತೃವಿಗೆ ಹತ್ತುವ ಎರ್ಗೆಟಿವ್ ವಿಭಕ್ತಿಯಲ್ಲಿಯೂ, ಚತುರ್ಥಿಯಲ್ಲಿಯೂ ಒಂದೇ ರೂಪದಲ್ಲಿರುವುದರಿಂದ, ಕಲಿಯುವವರ ತಪ್ಪು ಅದರ ಹಿಂದೆ ತಿಂಗಳುಗಟ್ಟಲೆ ಅಡಗಿರಬಲ್ಲದು.

ಅಮ್ಮ ಪತ್ರ ಬರೆಯುತ್ತಾಳೆ ಎನ್ನುವಾಗ ಅಮ್ಮ ಬರಿಯ 'ದೆದಾ'. ಬರೆದಳು ಎನ್ನುವಾಗ 'ದೆದಾಮ್ ತ್ಸೆರಿಲಿ ದಾತ್ಸೆರಾ' ಎಂದು ಎರ್ಗೆಟಿವ್‌ನ ಮ್ ಸೇರಬೇಕು. ಅವಳು ಅಲ್ಲಿಯೂ 'ದೆದಾ' ಎಂದೇ ಬರೆದಿದ್ದಳು, ಏಕೆಂದರೆ ಕನ್ನಡದಲ್ಲಿ ಕಾಲ ಬದಲಾದರೂ 'ಅಮ್ಮ' ಅಮ್ಮನಾಗಿಯೇ ಉಳಿಯುತ್ತಾಳೆ.

ಅದನ್ನು ತಿದ್ದಿದ ಮೇಲೆ ಅವಳು 'ಅಮ್ಮ ಹೋದಳು' ಎಂಬುದಕ್ಕೂ 'ದೆದಾಮ್ ತ್ಸಾವಿದಾ' ಎಂದು ಬರೆದಳು. ಹೋಗುವ ಕ್ರಿಯೆಗೆ ಆ ಮ್ ಬೇಡ, 'ದೆದಾ ತ್ಸಾವಿದಾ' ಎಂದರೆ ಸರಿ. ಆದರೆ ಅಕರ್ಮಕಕ್ಕೆಲ್ಲ ಬೇಡ ಎಂದು ನಿಯಮ ಮಾಡಿಕೊಳ್ಳುವಂತೆಯೂ ಇಲ್ಲ: ಅಮ್ಮ ಅತ್ತಳು ಎನ್ನಲು 'ದೆದಾಮ್ ಇತಿರಾ' ಎಂದೇ ಬರೆಯಬೇಕು.

'ಅಮ್ಮನಿಗೆ ಬೇಕು' ಎಂಬುದನ್ನು ಮಾತ್ರ ಅವಳು ತಡವರಿಸದೆ 'ದೆದಾಸ್ ಉಂದಾ' ಎಂದು ಬರೆದಿದ್ದಳು. ನಮ್ಮ 'ಗೆ' ಅಲ್ಲಿ ಕೈಹಿಡಿಯುತ್ತದೆ. ಆದರೆ ಅಮ್ಮ ಪತ್ರ ಬರೆದಿದ್ದಾಳಂತೆ ಎನ್ನುವಾಗಲೂ ಜಾರ್ಜಿಯನ್ ಚತುರ್ಥಿಯನ್ನೇ ಕೇಳುತ್ತದೆ, 'ದೆದಾಸ್ ತ್ಸೆರಿಲಿ ದಾಉತ್ಸೆರಿಯಾ' ಎಂದು. ಬರೆದವಳಿಗೆ 'ಗೆ' ಹಚ್ಚುವುದು ನಮ್ಮ ಕಿವಿಗೆ ಒಗ್ಗದ ಕಾರಣ, ಅಲ್ಲಿ ನಾನೂ ಇನ್ನೂ ಎಡವುತ್ತೇನೆ.

ನಾಳೆಯಿಂದ ಇಬ್ಬರೂ ದಿನಚರಿಯನ್ನು 'ಮೆ' ಬಿಟ್ಟು ಅಮ್ಮನ ಹೆಸರಿನಲ್ಲೇ ಬರೆಯಲಿದ್ದೇವೆ.